ಆರು ಗಂಟೆಯ ಮೇಲೆ ಆ ಬೆಲೆ ಇಲ್ಲ

ನಮ್ಮ ಕಟ್ಟಡದ ಮೆಟ್ಟಿಲ ಬುಡದಲ್ಲಿ ಹನ್ನೆರಡು ಮನೆಗಳಿಗೆ ಹನ್ನೆರಡು ಅಂಚೆಪೆಟ್ಟಿಗೆಗಳಿವೆ. ಅವುಗಳಿಗೆ ಅಂಚೆ ಬರುವುದು ಅಪರೂಪ. ಬರುವುದೆಲ್ಲ ಕರಪತ್ರ. ಹನ್ನೊಂದು ಮನೆಯವರು ಅವನ್ನು ಓದದೆ ಪಕ್ಕದ ಬುಟ್ಟಿಗೆ ಎಸೆಯುತ್ತಿದ್ದೆವು. ಮೂರನೇ ಮಹಡಿಯ ಹೆಂಗಸು ಮಾತ್ರ ಸಂಜೆ ಮನೆಗೆ ಬರುವಾಗ ಆ ಬುಟ್ಟಿಗೆ ಕೈ ಹಾಕಿ, ಸುಕ್ಕಾದ ಕಾಗದಗಳನ್ನು ತೊಡೆಯ ಮೇಲೆ ಸವರಿ ಸಪಾಟು ಮಾಡಿ, ಒಂದು ಕಟ್ಟು ಮಾಡಿಕೊಂಡು ಮೇಲೆ ಹೋಗುತ್ತಿದ್ದಳು. ವಯಸ್ಸು ಐವತ್ತರ ಆಚೆ. ಕನ್ನಡಕ ಮೂಗಿನ ತುದಿಯಲ್ಲಿ. ಒಂಟಿ ವಾಸ.

ನಾನು ಎರಡಕ್ಕೆ ಎರಡು ಕೂಡಿಸಿ ಐದು ಮಾಡಿದೆ. ಪಾಪ, ಎಲ್ಲಿ ನಾಲ್ಕು ಕಾಸು ಕಡಿಮೆಗೆ ಸಾಮಾನು ಸಿಗುತ್ತದೋ ಎಂದು ಹುಡುಕುವ ಬಡ ಹೆಂಗಸು ಎಂದು ತೀರ್ಮಾನಿಸಿದೆ. ನನ್ನದು ಮರುಗುವ ಮನಸ್ಸು. ಖರ್ಚಿಲ್ಲದಿದ್ದರೆ ಇನ್ನೂ ಚೆನ್ನಾಗಿ ಮರುಗುತ್ತದೆ. ಒಂದು ದಿನ ನನ್ನ ಪೆಟ್ಟಿಗೆಯಲ್ಲಿದ್ದ ಸಾಬೂನಿನ ಕರಪತ್ರವನ್ನು ಎರಡೂ ಕೈಯಲ್ಲಿ ಹಿಡಿದು, ಸನ್ಮಾನಪತ್ರ ಕೊಡುವವನ ಹಾಗೆ ಅವಳ ಮುಂದೆ ಚಾಚಿದೆ.

"ಎರಡು ಕೊಂಡ್ರೆ ಎರಡು ಉಚಿತವಂತೆ. ನಿಮಗೆ ಉಪಯೋಗಕ್ಕೆ ಬರಬಹುದು" ಅಂದೆ.

ಅವಳು ನಿಂತಲ್ಲೇ ಓದಿದಳು. "ಉಚಿತ ಅಂತ ಐದು ಕಡೆ ಇದೆ. ಆಶ್ಚರ್ಯಚಿಹ್ನೆ ಒಂಬತ್ತು. ಪಾಪ, ಇವರ ಸಾಬೂನು ಹೋಗ್ತಿಲ್ಲ" ಎಂದಳು. ಯಾರೋ ಪರಿಚಿತರ ಜ್ವರದ ಸುದ್ದಿ ಕೇಳಿದ ದನಿ. "ನಾನು ಇಂಥದ್ದನ್ನ ಬರೆಯೋಳು ಸ್ವಾಮಿ. ಕೊಂಡುಕೊಳ್ಳೋಕಲ್ಲ, ಬೇರೆಯವರು ಹೇಗೆ ಕೆಡಿಸ್ತಾರೆ ಅಂತ ನೋಡೋಕೆ ಎತ್ಕೊಂಡು ಹೋಗ್ತೀನಿ."

ಹೀಗೆ ನಮ್ಮ ಪರಿಚಯವಾಯಿತು. ಆಮೇಲೆ ತುಂಡುತುಂಡಾಗಿ ಅವಳ ಕಥೆ ತಿಳಿಯಿತು. ಹದಿನೆಂಟು ವರ್ಷ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಪ್ರಚಾರದ ಒಕ್ಕಣೆ ಬರೆಯುವ ಕೆಲಸ. ಮೊದಮೊದಲು ವರ್ಷಕ್ಕೊಮ್ಮೆ ರಿಯಾಯಿತಿ. ಆಮೇಲೆ ಋತುವಿಗೊಮ್ಮೆ. ಆಮೇಲೆ ತಿಂಗಳಿಗೊಮ್ಮೆ. ಕೊನೆಕೊನೆಗೆ ಕಿಟಕಿಯ ಕೆಂಪು ಬೋರ್ಡು ಇಳಿಯಲೇ ಇಲ್ಲ. ಅದರ ಹಿಂದೆ ಜೇಡ ಸಂಸಾರ ಹೂಡಿತು. "ಗಿರಾಕಿಗಳು ಬಾಗಿಲಲ್ಲಿ ನಿಂತು, ಇವತ್ತು ಎಷ್ಟು ಕಡಿಮೆ ಅಂತ ಕೇಳಿ, ಕಡಿಮೆ ಇಲ್ಲ ಅಂದ್ರೆ ಹಾಗೇ ತಿರುಗಿ ಹೋಗೋರು. ಬಟ್ಟೆ ಮುಟ್ಟಿ ಕೂಡ ನೋಡ್ತಿರಲಿಲ್ಲ. ನಾವೇ ಕಲಿಸಿದ್ವಿ" ಅನ್ನುತ್ತಿದ್ದಳು. ಅಂಗಡಿ ಮುಚ್ಚಿದ ದಿನವೂ ಬೋರ್ಡು ಹಾಗೇ ಇತ್ತಂತೆ. ಮುಚ್ಚುತ್ತಿದ್ದೇವೆ ಎಂದು ಬರೆದು ಹಾಕಿದರೆ ಯಾರೂ ನಂಬಲಿಲ್ಲ. ಅದೂ ಒಂದು ಗಿಮಿಕ್ಕು ಅಂದುಕೊಂಡರು.

ಆಮೇಲೆ ಅವಳು ಅಣ್ಣನ ಕೊಡೆ ಕಾರ್ಖಾನೆಗೆ ಸೇರಿದಳು. ಕಾರ್ಖಾನೆ ಎಂದರೆ ಎರಡು ಕೋಣೆ, ಆರು ಹೊಲಿಗೆ ಮೇಜು, ಒಂಬತ್ತು ಜನ. ಆದರೆ ಅಣ್ಣನ ಗಾಜಿನ ಕೋಣೆಯ ಬಾಗಿಲ ಮೇಲೆ 'ವ್ಯವಸ್ಥಾಪಕ ನಿರ್ದೇಶಕರು' ಎಂಬ ಹಿತ್ತಾಳೆ ಫಲಕ. ಅಕ್ಷರ ದೊಡ್ಡದು, ಬಾಗಿಲು ಸಣ್ಣದು, ಹೀಗಾಗಿ ಕೊನೆಯ 'ರು' ಚೌಕಟ್ಟಿನ ಮೇಲೆ ಹತ್ತಿ ಕೂತಿತ್ತು. ಬಾಗಿಲು ತೆಗೆದಾಗೆಲ್ಲ ಅವರು 'ನಿರ್ದೇಶಕ' ಆಗುತ್ತಿದ್ದರು, ಮುಚ್ಚಿದಾಗ ಗೌರವ ವಾಪಸು.

ಕೊಡೆ ಮಾತ್ರ ಗಟ್ಟಿ. ಪೇಟೆಯ ಕೊಡೆಗಿಂತ ಬೆಲೆ ಮೂರು ಪಟ್ಟು. ಆದರೆ ಕಡ್ಡಿ ಮುರಿದರೆ ಎಷ್ಟು ವರ್ಷದ ಮೇಲಾದರೂ ತಂದುಕೊಡಿ, ಸರಿ ಮಾಡಿಕೊಡುತ್ತಾರೆ. ನನ್ನದರ ಕಡ್ಡಿಯೂ ಮುರಿದಿತ್ತು. ಗಾಳಿಗೆ ತಿರುಗಿ ಬಿದ್ದ ಕೊಡೆಯನ್ನು ಹಿಡಿದು ಒಂದು ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ಅಲ್ಲಿಗೆ ಹೋದೆ. "ಕೂತ್ಕೊಳ್ಳಿ, ಅರ್ಧ ಗಂಟೆ" ಎಂದು ಹೊಲಿಗೆ ಮೇಸ್ತ್ರಿ ಮೂಲೆಯ ಸ್ಟೂಲು ತೋರಿಸಿದ. ಅರ್ಧ ಗಂಟೆ ಎಂದವನು ಆ ಸಂಜೆ ನನ್ನ ಕೊಡೆಯನ್ನು ಮುಟ್ಟಲಿಲ್ಲ. ಅಲ್ಲಿ ಯಾರಿಗೂ ಕೈ ಆಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅಕ್ಕನ ಕಂಪ್ಯೂಟರಿನ ಮೇಲೆ. ನಮ್ಮ ಮೂರನೇ ಮಹಡಿಯವಳನ್ನು ಅಲ್ಲಿ ಎಲ್ಲರೂ ಅಕ್ಕ ಅನ್ನುತ್ತಿದ್ದರು, ಅಣ್ಣನೊಬ್ಬನನ್ನು ಬಿಟ್ಟು. ಅವನಿಗೆ ಅವಳು ಇನ್ನೂ ಪುಟ್ಟಿ.

ವಿಷಯ ಇದು. ಇಬ್ಬರು ಆರಾಮಾಗಿ ಹಿಡಿಯಬಹುದಾದ ಒಂದು ಹೊಸ ದೊಡ್ಡ ಕೊಡೆ ಮಾಡಲು ಹೊರಟಿದ್ದರು. ಅದಕ್ಕೆ ಬೇಕಾದ ದಟ್ಟ ನೇಯ್ಗೆಯ ಬಟ್ಟೆಯನ್ನು ಗಿರಣಿಯವರು ಹೇಳಿ ಮಾಡಿಸಿದರಷ್ಟೇ ನೇಯುತ್ತಾರೆ. ಕನಿಷ್ಠ ನೂರಿಪ್ಪತ್ತು ಕೊಡೆಗಾಗುವಷ್ಟು ಬಟ್ಟೆಗೆ ಶನಿವಾರ ಬೆಳಿಗ್ಗೆ ಹತ್ತರೊಳಗೆ ಹೂಂ ಅನ್ನಬೇಕು. ಇಲ್ಲದಿದ್ದರೆ ಈ ಮಳೆಗಾಲಕ್ಕೆ ಆ ಕೊಡೆ ಇಲ್ಲ. ಅದಕ್ಕೆಂದೇ ಇಟ್ಟಿರುವ ಎರಡು ಹೊಲಿಗೆ ಮೇಜಿಗೆ ಬಟ್ಟೆ ಹೊದಿಸಿ, ಆ ಇಬ್ಬರು ಹೊಲಿಗೆಯವರನ್ನು ಮನೆಗೆ ಕಳಿಸಬೇಕು. ಅವರಿಬ್ಬರೂ ಅಲ್ಲೇ ನಿಂತಿದ್ದರು. ಒಬ್ಬ ಮೇಸ್ತ್ರಿಯ ಅಳಿಯ.

ಅದಕ್ಕಾಗಿ ಅಕ್ಕ ಹತ್ತು ದಿನಗಳ ಹಿಂದೆ ಹಳೆಯ ಗಿರಾಕಿಗಳಿಗೆ ಒಂದು ಸಂದೇಶ ಕಳಿಸಿದ್ದಳು. ಗೋಡೆಗೆ ಅಂಟಿಸಿದ್ದ ಅದನ್ನು ನಾನು ಓದಿದೆ:

'ಮಳೆಗೆ ಇನ್ನೂ ಎರಡು ತಿಂಗಳಿದೆ. ಈಗಲೇ ಹೇಳಿದರೆ ಎಷ್ಟು ಬಟ್ಟೆ ನೇಯಿಸಬೇಕೆಂದು ನಮಗೆ ತಿಳಿಯುತ್ತದೆ. ನೀವು ಕಾಯುತ್ತೀರಿ, ಅದಕ್ಕೆ ನಾವು ಬೆಲೆಯಲ್ಲಿ ನೂರಕ್ಕೆ ಹದಿನೈದು ಇಳಿಸುತ್ತೇವೆ. ಶುಕ್ರವಾರ ಸಂಜೆ ಆರರವರೆಗೆ. ಆರು ಗಂಟೆಯ ಮೇಲೆ ಆ ಬೆಲೆ ಇಲ್ಲ. ಬಟ್ಟೆ ನೇಯಿಸಲಾಗದಿದ್ದರೆ ಹಣ ಪೂರ್ತಿ ವಾಪಸು.'

ಕೆಂಪು ಅಕ್ಷರವಿಲ್ಲ. ಹಳೆಯ ಬೆಲೆಗೆ ಅಡ್ಡಗೀಟಿಲ್ಲ. ಆಶ್ಚರ್ಯಚಿಹ್ನೆ ಎಣಿಸಿದೆ, ಸೊನ್ನೆ.

ಅಣ್ಣ ಮೊದಲು ಬರೆದದ್ದು 'ಎರಡು ಕೊಡೆ ಕೊಂಡರೆ ಒಂದು ಉಚಿತ' ಎಂದಂತೆ. "ಇಬ್ಬರು ಹಿಡಿಯೋ ಕೊಡೆ ಅಣ್ಣಾ. ಮೂರು ಕೊಡೆಗೆ ಆರು ಜನ ಬೇಕು. ಮದುವೆ ದಿಬ್ಬಣಕ್ಕೆ ಮಾರ್ತಿದ್ದೀಯಾ?" ಎಂದು ಅವಳು ಅದನ್ನು ಹೊಡೆದುಹಾಕಿ, ಬೇಕಾದವರಿಗೆ ಕೊಡೆ, ಅದರ ಚೀಲ, ಎರಡು ಬಿಡಿ ಕಡ್ಡಿ ಸೇರಿಸಿ ಒಂದು ಜೊತೆಸೆಟ್ಟು ಮಾಡಿದ್ದಳು. ಕೊಡೆ ಕೊಂಡವನಿಗೆ ಎಂದಾದರೂ ಬೇಕಾಗುವ ಸಾಮಾನು ಅಷ್ಟೇ. ಮಾರಿಹೋಗದ ಕೀಚೈನುಗಳನ್ನು ಅದರೊಳಗೆ ತುರುಕಲು ಅಣ್ಣನಿಗೆ ಬಿಡಲಿಲ್ಲ. ಆ ಸೆಟ್ಟು ಕೊಂಡರೆ ಮನೆಗೆ ತಲುಪಿಸುವ ಖರ್ಚು ಕಾರ್ಖಾನೆಯದೇ. ಕೊಡೆ ಮಾತ್ರ ಕೊಂಡವರು ಆ ಖರ್ಚು ಕೊಡಬೇಕು.

ನಾಲ್ಕು ಗಂಟೆಗೆ ಲೆಕ್ಕ ಎಂಬತ್ತಮೂರು. ಎರಡು ಗಂಟೆಯಲ್ಲಿ ಮೂವತ್ತೇಳು ಬರಬೇಕು.

ಅಣ್ಣ ಗಾಜಿನ ಕೋಣೆಯಿಂದ ಹೊರಬಂದ. "ಪುಟ್ಟಿ, ನಲವತ್ತು ಪರ್ಸೆಂಟ್ ಮಾಡಿಬಿಡು. ಮಾರಿಹೋಗಲಿ ಅತ್ಲಾಗೆ."

"ಎಂಬತ್ತಮೂರು ಜನ ಹದಿನೈದಕ್ಕೆ ಕೊಂಡಿದ್ದಾರೆ. ಅವರಿಗೆ ಏನ್ ಹೇಳ್ತೀಯ?"

"ಏನೂ ಹೇಳೋದು ಬೇಡ."

"ಅದನ್ನೇ ಅವರು ಕೇಳಿಸ್ಕೊಳ್ಳೋದು."

ಅವಳು ಇನ್ನೊಂದು ಸಂದೇಶ ಟೈಪು ಮಾಡಿದಳು. ಆರ್ಡರು ಮಾಡಿದವರ ಹೆಸರುಗಳನ್ನು ಪಟ್ಟಿಯಿಂದ ತೆಗೆದು, ಮಾಡದವರಿಗೆ ಮಾತ್ರ: 'ಎಂಬತ್ತಮೂರು ಕೊಡೆಗೆ ಆರ್ಡರು ಬಂದಿದೆ. ನೂರಿಪ್ಪತ್ತು ಆದರೆ ಬಟ್ಟೆ ನೇಯಿಸುತ್ತೇವೆ. ಮುಂಗಡ ಬೆಲೆ ಇಂದು ಆರಕ್ಕೆ ಮುಗಿಯುತ್ತದೆ. ಇದು ಕೊನೆಯ ನೆನಪೋಲೆ.'

ಅಣ್ಣನ ಮುಖ ಬಿಳಿಚಿತು. "ಬರೀ ಎಂಬತ್ತಮೂರು ಅಂತ ಊರಿಗೆಲ್ಲ ಸಾರ್ತೀಯಾ? ಮಾನ ಇದೆಯಾ ನಮಗೆ? ನೂರಹತ್ತು ಅಂತ ಹಾಕು. ಇನ್ನು ಹತ್ತೇ ಉಳಿದಿದೆ ಅಂದ್ರೆ ಓಡಿ ಬರ್ತಾರೆ."

"ಆಮೇಲೆ ನಿಜವಾಗಿ ನೂರು ಆದಾಗ ಏನ್ ಹಾಕ್ಲಿ?"

ಮೇಸ್ತ್ರಿ ಕೆಮ್ಮಿದ. "ಯಜಮಾನ್ರೇ, ಅಕ್ಕ ಹಾಕಿದ್ದು ಹಾಕಲಿ ಬಿಡಿ." ಅಳಿಯನ ಕೆಲಸ ಅದರಲ್ಲಿ ತೂಗುತ್ತಿತ್ತಾದ್ದರಿಂದ ಅವನ ದನಿಯಲ್ಲಿ ನಂಬಿಕೆಗಿಂತ ಬೇಡಿಕೆ ಹೆಚ್ಚಿತ್ತು.

ಸಂದೇಶ ಹೋಯಿತು. ಹತ್ತು ನಿಮಿಷ ಏನೂ ಇಲ್ಲ. ಗೋಡೆ ಗಡಿಯಾರದ ಶಬ್ದ ಸುತ್ತಿಗೆಯ ಹಾಗೆ ಕೇಳುತ್ತಿತ್ತು. ಆಮೇಲೆ ಕಂಪ್ಯೂಟರು 'ಟಿಣ್' ಅಂದಿತು. ಎಂಬತ್ತನಾಲ್ಕು. ಮತ್ತೆ ಟಿಣ್. ಐದಕ್ಕೆ ತೊಂಬತ್ತೆಂಟು. ಐದೂವರೆ ದಾಟಿ ಸ್ವಲ್ಪ ಹೊತ್ತಿಗೆ ನೂರಾ ಒಂಬತ್ತು. ಮೇಸ್ತ್ರಿಯ ಅಳಿಯ ಪ್ರತಿ ಟಿಣ್‌ಗೂ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತಿದ್ದ. ನಾನು ಸ್ಟೂಲಿನ ತುದಿಗೆ ಬಂದಿದ್ದೆ. ನನಗೂ ಆ ಕೊಡೆ ಬೇಕಿತ್ತು. ಆದರೆ ಇಷ್ಟು ಜನ ಕೊಳ್ಳುತ್ತಿರುವಾಗ ನಾನೂ ನುಗ್ಗುವುದು ಘನತೆಗೆ ತಕ್ಕುದಲ್ಲ ಎನ್ನಿಸಿ ಸುಮ್ಮನಿದ್ದೆ.

ಐದು ನಲವತ್ತಕ್ಕೆ ಟಿಣ್ ನಿಂತಿತು.

ಒಂದು ನಿಮಿಷ. ಮೂರು ನಿಮಿಷ. ಆಮೇಲೆ ಬಂದದ್ದು ಬೇರೆ ಥರದ ಶಬ್ದ, ಮಂದವಾಗಿ, ಗಂಟಲು ಕಟ್ಟಿದ ಹಾಗೆ. ಅಕ್ಕ ಕನ್ನಡಕ ಮೇಲಕ್ಕೆ ತಳ್ಳಿದಳು.

"ಒಬ್ಬರು ಆರ್ಡರು ವಾಪಸು ತಗೊಂಡ್ರು." ಮತ್ತೆ ಅದೇ ಶಬ್ದ. "ಇನ್ನೊಬ್ಬರು."

ಅಳಿಯ ಸೀಮೆಸುಣ್ಣ ಹಿಡಿದು ನಿಂತ. ಗೀಟು ಅಳಿಸುವುದು ಅವನಿಗೆ ಬಂದಿರಲಿಲ್ಲ. ನೂರಾ ಏಳು. ನೂರಾ ಐದು. ನೂರಾ ಮೂರು.

ಅಕ್ಕ ಒಂದು ಉತ್ತರವನ್ನು ಗಟ್ಟಿಯಾಗಿ ಓದಿದಳು: "'ಭಾನುವಾರದವರೆಗೂ ಇದೆಯಲ್ಲ, ನಿಧಾನಕ್ಕೆ ನೋಡ್ತೀನಿ.' ಯಾವ ಭಾನುವಾರ?" ಇನ್ನೊಂದನ್ನು ಓದಿದಳು: "'ಮಂಗಳವಾರ ನಾನು ಸಾಗಣೆ ಖರ್ಚು ಕೊಟ್ಟೆ. ಇವತ್ತು ಎಲ್ಲರಿಗೂ ಬಿಟ್ಟಿ. ಬೇಗ ಕೊಂಡದ್ದಕ್ಕೆ ದಂಡವಾ?'"

ಎಲ್ಲರೂ ಒಟ್ಟಿಗೆ ಗಾಜಿನ ಕೋಣೆಯ ಕಡೆ ತಿರುಗಿದರು. ಅಣ್ಣ ಅಲ್ಲಿ ತನ್ನ ಕಂಪ್ಯೂಟರಿನ ಮುಂದೆ, ದೇಶಕ್ಕೆ ಉಪಕಾರ ಮಾಡಿದವನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಅಕ್ಕ ಬಾಗಿಲು ತೆರೆದಳು. ಫಲಕದ 'ರು' ಹಿಂದುಳಿಯಿತು.

"ಏನ್ ಕಳಿಸಿದೆ?"

"ನಿನಗೆ ಕಷ್ಟ ಆಗ್ತಿದೆ ಅಂತ ನಾನೇ ಒಂದು ಕೈ ಹಾಕಿದೆ. ನಿಮ್ಮೆಲ್ಲರ ಒತ್ತಾಯದ ಮೇರೆಗೆ ಭಾನುವಾರದವರೆಗೆ ವಿಸ್ತರಿಸಿದೆ, ಎಲ್ಲರಿಗೂ ಉಚಿತ ಡೆಲಿವರಿ ಅಂತ. ಇಡೀ ಪಟ್ಟಿಗೆ. ದಿನ ಜಾಸ್ತಿ ಆದ್ರೆ ಕೊಡೆ ಜಾಸ್ತಿ ಹೋಗಬೇಕಲ್ವಾ?"

"ಯಾರು ಒತ್ತಾಯ ಮಾಡಿದ್ರು?"

ಒತ್ತಾಯ ಮಾಡಿದ್ದು ಅವನ ಎದೆ ಒಂದೇ.

"ಅಣ್ಣಾ, ಹತ್ತು ದಿನ ನಾವು ಆರು ಗಂಟೆ ಅಂದ್ವಿ. ನಮ್ಮ ಮಾತು ನಂಬಿದೋರು ಕೆಲಸ ಬಿಟ್ಟು ಕೂತು ಆರ್ಡರು ಮಾಡಿದ್ರು. ನಂಬದೇ ಇದ್ದೋರಿಗೆ ನೀನು ಬಹುಮಾನ ಕೊಟ್ಟೆ. ಮುಂದಿನ ವರ್ಷ ನಾವು ಶುಕ್ರವಾರ ಅಂದ್ರೆ ಎಲ್ರೂ ಭಾನುವಾರ ಅಂತ ಓದ್ತಾರೆ. ಇದು ನಾನು ಹದಿನೆಂಟು ವರ್ಷ ನೋಡಿದ ಸಾವು." ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ. "ನೀನು ಭಾನುವಾರದವರೆಗೆ ಅಂದೆ, ಗಿರಣಿಯವನು ನಾಳೆ ಹತ್ತಕ್ಕೆ ಕೇಳ್ತಾನೆ. ಅವನಿಗೂ ವಿಸ್ತರಿಸ್ತೀಯಾ?"

ಅದು ಅಣ್ಣನಿಗೆ ಹೊಳೆದಿರಲೇ ಇಲ್ಲ ಎಂಬುದು ಗಾಜಿನಾಚೆಯಿಂದಲೂ ಕಾಣಿಸಿತು. ಅವನು ಕುರ್ಚಿಯಲ್ಲಿ ಒಂದು ಗೇಣು ಕುಗ್ಗಿದ.

"ಈಗ?" ಅಂದ.

ಗಡಿಯಾರದಲ್ಲಿ ಐದು ನಲವತ್ತಾರು.

ಅಕ್ಕ ಅವನ ಮೇಜಿನ ಮೇಲೇ ಬಾಗಿ ಬರೆದಳು. ಬರೆದದ್ದನ್ನು ಅವನ ಕಡೆ ತಿರುಗಿಸಿದಳು:

'ಈಗ ತಾನೆ ಬಂದ ಸಂದೇಶ ನನ್ನದು, ತಪ್ಪು ನನ್ನದು. ಮುಂಗಡ ಬೆಲೆ ಮೊದಲು ಹೇಳಿದಂತೆ ಇಂದು ಆರಕ್ಕೇ ಮುಗಿಯುತ್ತದೆ. ಮನೆಗೆ ತಲುಪಿಸುವ ಖರ್ಚು ನಮ್ಮದು ಎಂದು ಹೇಳಿಬಿಟ್ಟಿದ್ದೇನೆ. ಆ ಮಾತು ಉಳಿಸಿಕೊಳ್ಳುತ್ತೇನೆ. ಆರರೊಳಗೆ ಕೊಂಡ ಎಲ್ಲರಿಗೂ, ಈಗಾಗಲೇ ಕೊಂಡವರಿಗೂ. ಕೊಟ್ಟವರಿಗೆ ಆ ಹಣ ವಾಪಸು ಬರುತ್ತದೆ. ಸೆಟ್ಟು ಕೊಂಡವರಿಗೆ ಮೊದಲೇ ಆ ಖರ್ಚಿರಲಿಲ್ಲ; ಅವರಿಗೆ ಇನ್ನೊಂದು ಬಿಡಿ ಕಡ್ಡಿ ಜೊತೆಗೆ ಬರುತ್ತದೆ.'

"ತಪ್ಪು ನನ್ನದು ಅಂತ ಯಾಕೆ?" ಅಣ್ಣನ ಕಿವಿ ಕೆಂಪಾಯಿತು. "ತಾಂತ್ರಿಕ ದೋಷ ಅಂತ ಹಾಕು. ಎಲ್ರೂ ಹಾಗೇ ಹಾಕ್ತಾರೆ."

"ಅದಕ್ಕೇ ಯಾರೂ ನಂಬಲ್ಲ."

"ನಾನು ಈ ಸಂಸ್ಥೆಯ..."

"ಐದು ನಲವತ್ತೆಂಟು, ಅಣ್ಣಾ."

ಆ ಕ್ಷಣದಲ್ಲಿ ಹೊರಗೆ ನಿಂತ ಇಬ್ಬರು ಹೊಲಿಗೆಯವರು ಗಾಜಿಗೆ ಹತ್ತಿರ ಬಂದು ನಿಂತರು. ಅಣ್ಣ ಅವರನ್ನು ನೋಡಿದ. ಆಮೇಲೆ ಕೀಲಿಮಣೆ ಎಳೆದುಕೊಂಡು, ಒಂದೇ ಬೆರಳಿನಲ್ಲಿ, ಕೆಳಗೆ ತನ್ನ ಹೆಸರು ಹೊಡೆದ. ಮುಂದೆ ಹುದ್ದೆ ಹೊಡೆಯಲು ಬೆರಳು ಎದ್ದಿತು, ಗಾಳಿಯಲ್ಲಿ ತುಸು ತಡೆಯಿತು, 'ಕಳುಹಿಸು' ಗುಂಡಿಯ ಮೇಲೆ ಇಳಿಯಿತು. ನಾನು ನೋಡಿದ ಸಾಹಸಗಳಲ್ಲಿ ಇದನ್ನು ಕಡಿಮೆ ಎನ್ನಲಾರೆ.

ಐದು ಐವತ್ತೊಂದಕ್ಕೆ ಟಿಣ್. ಆಮೇಲೆ ಒಂದರ ಹಿಂದೆ ಒಂದು. ವಾಪಸು ತೆಗೆದುಕೊಂಡ ಆರು ಜನರಲ್ಲಿ ಇಬ್ಬರು ಮರಳಿದರು. ಉಳಿದ ನಾಲ್ವರು ಇವತ್ತಿಗೂ ಮರಳಿಲ್ಲ. ಹೊಸಬರು ಹನ್ನೊಂದು. ಅಳಿಯನ ಗೀಟು ಗೋಡೆಯ ಕಿಟಕಿಯವರೆಗೂ ಬಂತು. ಆರು ಹೊಡೆಯಿತು. ಅಕ್ಕ ಬೆಲೆ ಬದಲಿಸಿದಳು. ಒಂದು ನಿಮಿಷವೂ ಆಚೀಚೆ ಇಲ್ಲ.

ನೂರಾ ಹದಿನಾರು.

ಆರು ನಾಲ್ಕಕ್ಕೆ ಫೋನು ಬಂತು. ಅಣ್ಣನೇ ಎತ್ತಿದ. ಆ ಕಡೆಯ ದನಿ ನಮಗೂ ಕೇಳುವಷ್ಟು ದೊಡ್ಡದು: ಕಚೇರಿಗೆ ನಾಲ್ಕು ಕೊಡೆ ಬೇಕು, ದಾರಿಯಲ್ಲಿ ವಾಹನಗಳು ನಿಂತುಬಿಟ್ಟಿದ್ದವು, ನಾಲ್ಕು ನಿಮಿಷ ತಡ, ಮುಂಗಡ ಬೆಲೆಗೇ ಹಾಕಿಕೊಳ್ಳಿ.

ನೂರಾ ಹದಿನಾರು, ನಾಲ್ಕು. ಲೆಕ್ಕ ಮಾಡಲು ಯಾರಿಗೂ ಪಂಡಿತರು ಬೇಕಿರಲಿಲ್ಲ. ಮೇಸ್ತ್ರಿಯ ಅಳಿಯ ಕೈ ಮುಗಿದೇಬಿಟ್ಟ, ಯಾರಿಗೆಂದು ಅವನಿಗೇ ಗೊತ್ತಿರಲಿಲ್ಲ. ಅಣ್ಣ ರಿಸೀವರನ್ನು ಎದೆಗೆ ಒತ್ತಿ ತಂಗಿಯ ಕಡೆ ನೋಡಿದ. ಅವಳು ತಲೆ ಆಡಿಸಲಿಲ್ಲ, ಕಣ್ಣು ಸನ್ನೆ ಮಾಡಲಿಲ್ಲ. ಮೇಜಿನ ಅಂಚನ್ನು ಹಿಡಿದುಕೊಂಡು ನಿಂತಿದ್ದಳು.

ಅಣ್ಣ ರಿಸೀವರು ಎತ್ತಿದ. "ಕ್ಷಮಿಸಿ ಸಾರ್. ಆರಕ್ಕೆ ಮುಗೀತು. ನೂರಾ ಹದಿನಾರು ಜನಕ್ಕೆ ಹೇಳಿದ ಮಾತು. ಈಗ ಪೂರ್ತಿ ಬೆಲೆ. ಕಡ್ಡಿ ಮುರಿದ್ರೆ ಯಾವಾಗ ಬೇಕಾದ್ರೂ ಸರಿ ಮಾಡಿಕೊಡ್ತೀವಿ, ಅದಕ್ಕೆ ಮಾತ್ರ ಗಡುವಿಲ್ಲ."

ಆ ಕಡೆ ಫೋನು ಇಟ್ಟ ಶಬ್ದ. ಅಣ್ಣ ಕುರ್ಚಿಯಲ್ಲಿ ಕುಸಿದು, "ನಾಲ್ಕು ಕೊಡೆ ಪುಟ್ಟಿ" ಅಂದ, ನಾಲ್ಕು ಮಕ್ಕಳನ್ನು ಕಳೆದುಕೊಂಡವನ ಹಾಗೆ.

"ಗೊತ್ತು" ಅಂದಳು ಅವಳು. "ನೀರು ಕುಡಿ."

ರಾತ್ರಿ ಹೇಗೆ ಕಳೆದರೋ ಅವರೇ ಬಲ್ಲರು. ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ನಾನು ಕೊಡೆ ಕೇಳುವ ನೆವದಲ್ಲಿ ಹೋದಾಗ ಎಲ್ಲರೂ ಹಿಂದಿನ ದಿನದ ಜಾಗದಲ್ಲೇ ನಿಂತಿದ್ದರು. ತೊಟ್ಟ ಬಟ್ಟೆ ಬದಲಾಗಿದ್ದರಿಂದ ಮನೆಗೆ ಹೋಗಿದ್ದರೆಂದು ತಿಳಿಯಿತು. ಪೂರ್ತಿ ಬೆಲೆಗೆ ಮೂವರು ಕೊಂಡಿದ್ದರು. ನೂರಾ ಹತ್ತೊಂಬತ್ತು.

ನನಗೆ ನನ್ನ ಪಾತ್ರ ಥಟ್ಟನೆ ಅರ್ಥವಾಯಿತು. ಈ ಸಂಸ್ಥೆಯನ್ನು, ಇಬ್ಬರ ಅನ್ನವನ್ನು ಉಳಿಸಲು ಬೇಕಾದ ಒಂದೇ ಒಂದು ಕೊಡೆ, ಅದನ್ನು ಕೊಳ್ಳುವ ಒಬ್ಬನೇ ಒಬ್ಬ ಮನುಷ್ಯ! ನಾನು ಗಂಟಲು ಸರಿ ಮಾಡಿಕೊಂಡು, ಕೋಟಿನೊಳಗೆ ನಿಧಾನವಾಗಿ ಕೈ ಹಾಕಿ, ನಾಲ್ಕು ಮಾತು ಆಡಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕಂಪ್ಯೂಟರು ಟಿಣ್ ಅಂದಿತು. ಯಾರೋ ಒಬ್ಬರು ಒಟ್ಟಿಗೆ ಎರಡು ಕೊಂಡಿದ್ದರು. ಮೇಸ್ತ್ರಿ ಅಳಿಯನ ಬೆನ್ನಿಗೆ ಗುದ್ದಿದ. ಹತ್ತಕ್ಕೆ ಏಳು ನಿಮಿಷ ಇರುವಾಗ ಅಣ್ಣ ಗಿರಣಿಗೆ ಫೋನು ಮಾಡಿ "ನೇಯಿರಿ" ಅಂದ. ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಲು ತೊಡಗಿದಳು. ಬಹಳ ಹೊತ್ತು ಒರೆಸಿದಳು.

ಆ ದೊಡ್ಡ ಕೊಡೆಗಳಲ್ಲೊಂದು ಈಗ ನನ್ನ ಬಾಗಿಲ ಹಿಂದೆ ನೇತಾಡುತ್ತಿದೆ. ಪೂರ್ತಿ ಬೆಲೆಯದು. ಆದರೆ ಅಂದು ಹಣ ಎಣಿಸುವ ಮೊದಲು ಒಂದು ಪ್ರಯತ್ನ ಮಾಡದೆ ಬಿಡಲಿಲ್ಲ. ನೆರೆಯವನೆಂಬ ಸಲಿಗೆಯಿಂದ ಅವಳ ಮೇಜಿನ ಬಳಿ ಬಾಗಿ, "ನಿನ್ನೆ ನಾಲ್ಕರಿಂದ ಇಲ್ಲೇ ಕೂತಿದ್ದೆ, ನೀವೇ ನೋಡಿದ್ದೀರಿ. ಐದೂವರೆಗೇ ಮನಸ್ಸಿನಲ್ಲಿ ಆರ್ಡರು ಮಾಡಿಬಿಟ್ಟಿದ್ದೆ. ನನಗೆ ಮುಂಗಡ ಬೆಲೆ ಸಲ್ಲೋದಿಲ್ವಾ?" ಎಂದು ಕೇಳಿದೆ.

ಅವಳು ಕನ್ನಡಕ ಮೂಗಿಗೇರಿಸಿ ನನ್ನನ್ನು ನೋಡಿದಳು.

"ಸಲ್ಲುತ್ತೆ. ಕೊಡೇನೂ ಮನಸ್ಸಲ್ಲೇ ಬಿಚ್ಕೊಂಡು ಹೋಗಿ."